ಎರಡು ಸಲ ಕುದಿಸಿದ ಹುಗ್ಗಿ

ಪ್ರೇಮಾಬಾಯಿ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡುತ್ತಿದ್ದಳು. ಎಣ್ಣೆ ಡಬ್ಬಿಯ ಸೀಲು ಸರಿಯಿದ್ದರೂ ಮೂಸುತ್ತಿದ್ದಳು. ಅಂಗಡಿಯವನು ಗೋಧಿ ತೂಗುವಾಗ ಕಣ್ಣು ತಕ್ಕಡಿಯ ಮೇಲಲ್ಲ, ಅವನ ಮೊಣಕೈ ಮೇಲೆ. ಆಕೆ ಪೂರ್ತಿ ನಂಬಿದ್ದು ಒಂದನ್ನೇ, ಬೆಂಕಿಯನ್ನು.

ಅದಕ್ಕೆ ಕಾರಣವಿತ್ತು. ಭಾಲ್ಕಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದದ್ದು ನಾಸಿಕ್‌ಗೆ. ಗಂಡ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು, ಕಾರ್ಮಿಕರು ಗೇಟಿನ ಮುಂದೆ ಕೂತರು, ಅವರಿಗೆ ಮಳೆಗಾಲ ಪೂರ್ತಿ ರೊಟ್ಟಿ ಬಡಿದು ಹಾಕಿದವಳು ಇವಳೇ. ಮಾಲಕನ ಜನ ಅಡುಗೆಯಲ್ಲಿ ಏನೋ ಬೆರೆಸುತ್ತಾರೆ ಎಂಬ ಪುಕಾರು ಎದ್ದಿತ್ತು. ದಿಂಡೋರಿಯಿಂದ ಯಾರೋ ಪುಣ್ಯಾತ್ಮರು ಕಳಿಸಿದ ತರಕಾರಿಯನ್ನೂ ಆಕೆ ಎರಡೆರಡು ಸಲ ಕುದಿಸಿದಳು. ಯಾರಿಗೂ ಏನೂ ಆಗಲಿಲ್ಲ. ಮುಷ್ಕರ ಸೋತಿತು, ಗಂಡ ಸತ್ತ, ಬೆಂಕಿಯ ಮೇಲಿನ ನಂಬಿಕೆಯೊಂದು ಉಳಿಯಿತು. ಮಗ ರವಿಕಾಂತನಿಗೆ ಸಂಭಾಜಿನಗರದಲ್ಲಿ ಕೆಲಸ ಸಿಕ್ಕಿತು, ಆಕೆ ಆ ನಂಬಿಕೆಯನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದಳು. ಬೀದರ್, ಕಲಬುರಗಿಯಿಂದ ಬಂದು ನೆಲೆಸಿದ ನಮ್ಮ ಸಮಾಜದ ದಾಸೋಹಕ್ಕೆ ಇಪ್ಪತ್ತು ವರ್ಷದಿಂದ ಅವಳದೇ ಕೈ.

ಆ ದಾಸೋಹದ ಜೀವ ಗೋಧಿ ಹುಗ್ಗಿ. ಪ್ರೇಮಾಬಾಯಿಯ ಪದ್ಧತಿ ಬೇರೆ. ಕುಟ್ಟಿದ ಗೋಧಿಯನ್ನು ಹಿಂದಿನ ಸಂಜೆಯೇ ಬೇಯಿಸಿ, ಇಳಿಸಿ, ಬೆಚ್ಚಗಿರುವಾಗಲೇ ಗಂಟುಗಳನ್ನು ಕೈಯಿಂದ ಹಿಸುಕಿ ಒಡೆಯುವುದು. ಹಂಡೆಯ ಮೇಲೆ ಗೋಣಿಚೀಲ ಹೊದಿಸಿ ಬೆಳಗಿನವರೆಗೆ ಬಿಡುವುದು. ಹಾಗೆ ಕೂತ ಗೋಧಿ ಬೆಣ್ಣೆಯಾಗುತ್ತದೆ ಎನ್ನುತ್ತಿದ್ದಳು. ಬೆಳಗ್ಗೆ ಬೆಲ್ಲ, ಹಾಲು ಹಾಕಿ ಕುದಿಸುವುದು. ಸೌಟಿನಿಂದ ಗಂಟು ಒಡೆಯುವವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

ಈ ಸಲ ಶ್ರಾವಣದ ಕೊನೆಯ ಸೋಮವಾರದ ದಾಸೋಹದ ಹೊತ್ತಿಗೆ ಅವಳ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು. ಭಾನುವಾರ ಸಂಜೆ ಗೋಧಿ ಬೆಂದಾಗ ಪೈಠಣದ ಕಡೆಯ ಅಲಕಾ, ಕೆಲಸಕ್ಕೆ ಹೊಸಬಳು, ತಾನು ಹಿಸುಕುತ್ತೇನೆ ಎಂದು ಮುಂದೆ ಬಂದಳು. ಪ್ರೇಮಾಬಾಯಿ ಬಿಡಲಿಲ್ಲ. ಹದ ಕದಿಯಲು ಬಂದಿದ್ದಾಳೆ ಎಂಬ ಗುಮಾನಿ. ಬೆರಳಿನ ಬಟ್ಟೆ ಬಿಚ್ಚಿ, ಕೈ ತೊಳೆದು, ತಾನೇ ಮೊಣಕೈವರೆಗೆ ಹಂಡೆಗೆ ಇಳಿದಳು.

ಸೋಮವಾರ ಮಧ್ಯಾಹ್ನ ಪಂಕ್ತಿ ಕೂತಿತು. ಹುಗ್ಗಿ ಹೊಗೆಯಾಡುತ್ತಿತ್ತು, ಘಮ್ಮೆನ್ನುತ್ತಿತ್ತು. ನಾನೂ ಎರಡು ಸಲ ಹಾಕಿಸಿಕೊಂಡೆ. ಮೂರು ತಾಸಿನೊಳಗೆ ಸಭಾಭವನದ ಮೋರಿ ನಮ್ಮೆಲ್ಲರದಾಯಿತು. ಜ್ವರವಿಲ್ಲ, ಏನಿಲ್ಲ, ಬರೀ ವಾಂತಿ, ಹೊಟ್ಟೆ ಹಿಂಡುವ ನೋವು. ಮುದುಕಿ ರುಕ್ಮಿಣಿಬಾಯಿ ನೀರೆಲ್ಲ ಹೋಗಿ ಮಾತು ನಿಲ್ಲಿಸಿದಳು. ಆಕೆಯನ್ನು ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದು ಸಲೈನ್ ಹಚ್ಚಿಸಿದರು.

ಪ್ರೇಮಾಬಾಯಿ ಉಂಡಿರಲಿಲ್ಲ. ಬಡಿಸುವವಳು ಕೊನೆಗೆ ಉಣ್ಣುವುದು ಅವಳ ನೇಮ. ಅಲಕಾಳೂ ಉಂಡಿರಲಿಲ್ಲ, ಅವಳದು ಸೋಮವಾರದ ಉಪವಾಸ. ಸಮಾಜದ ಅಧ್ಯಕ್ಷ ಚಂದ್ರಾಮಪ್ಪನ ಕಣ್ಣಿಗೆ ಈ ಎರಡನೆಯದು ಮಾತ್ರ ಬಿತ್ತು.

“ಆಕಿ ಯಾಕ ಉಣ್ಲಿಲ್ಲರೀ? ಮೊದಲೇ ಗೊತ್ತಿತ್ತೇನು ಆಕಿಗೆ?”

ಆಮೇಲೆ ದನಿ ತಗ್ಗಿಸಿ, ಆಕೆ ನಮ್ಮ ಪೈಕಿಯೂ ಅಲ್ಲವಲ್ಲ ಎಂದ. ಅವನ ಹಿಂದೆಯೇ ‘ಅನ್ನಕ್ಕೆ ಜಾತಿಯಿಲ್ಲ’ ಎಂಬ ಬ್ಯಾನರು ನೇತಾಡುತ್ತಿತ್ತು. ಅದನ್ನು ಕಟ್ಟಿಸಿದವನೂ ಅವನೇ.

ಹುಗ್ಗಿ ಕೆಟ್ಟಿತ್ತೇನೋ ಎಂದು ಯಾರೋ ಅಂದದ್ದೇ ತಡ, ಪ್ರೇಮಾಬಾಯಿ ಕೆರಳಿದಳು. ಹಂಡೆಯ ತಳದಲ್ಲಿ ಉಳಿದದ್ದನ್ನು ಒಲೆಗೇರಿಸಿದಳು. ಅರ್ಧ ತಾಸು ಕೊತಕೊತ ಕುದಿಸಿದಳು. ಎಲ್ಲರೆದುರು ಬಟ್ಟಲು ತುಂಬಿಸಿಕೊಂಡು ನಿಂತಳು.

“ಹುಳ ಬಿದ್ದಿದ್ರ ಬೆಂಕ್ಯಾಗ ಸತ್ತಿರ್ತಾವ. ಇದನ್ನ ಉಂಡು ನನಗೂ ಆತಂದ್ರ, ಯಾರೋ ವಿಷ ಹಾಕ್ಯಾರ ಅಂತ ತಿಳೀರಿ.”

ಉಂಡಳು. ಹೊತ್ತು ಮುಳುಗುವ ಮೊದಲೇ ಅವಳೂ ಮೋರಿಯ ಮುಂದೆ ಕೂತಳು. ಅಲ್ಲಿಗೆ ತೀರ್ಪಾಯಿತು. ಅರ್ಧ ತಾಸು ಕುದ್ದರೂ ಹೋಗದ್ದು ವಿಷವಲ್ಲದೆ ಮತ್ತೇನು? ಆಸ್ಪತ್ರೆಗೆ ಹೋಗುವ ಆಟೋ ಹತ್ತುವಾಗ ಪ್ರೇಮಾಬಾಯಿ ಅಲಕಾಳನ್ನು ನೋಡಿದ ನೋಟ ನನಗೂ ಹಿಡಿಸಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಹೊಟ್ಟೆ ಹಿಡಿದುಕೊಂಡವನಿಗೂ ಯಾರೋ ಒಬ್ಬ ಕಳ್ಳ ಬೇಕಿರುತ್ತಾನೆ.

ಪಾಳಿಯಲ್ಲಿದ್ದ ಡಾಕ್ಟರು ಹರ್ಷಿಣಿ, ಕಲಬುರಗಿಯವಳು. ರೋಗಿಗಳು ಯಾವಾಗ ಉಂಡರು, ಯಾವಾಗ ಕಾರಿಕೊಂಡರು ಎಂದು ವಿಚಾರಿಸಿದಳು. ಗೋಧಿ ರಾತ್ರಿ ಎಲ್ಲಿತ್ತು ಎಂದಳು. ಆಮೇಲೆ ಪ್ರೇಮಾಬಾಯಿಯ ಕೈ ಹಿಡಿದು, ಹೆಬ್ಬೆರಳಿನ ಬಟ್ಟೆ ಬಿಚ್ಚಿಸಿದಳು. ಹಸಿ ಕೀವು. ಹತ್ತಿ ಕಡ್ಡಿಗೆ ಅದನ್ನು ಹಚ್ಚಿಕೊಂಡು ಪರೀಕ್ಷೆಗೆ ಕಳಿಸಿದಳು. ಆಹಾರ ಇಲಾಖೆಯವರು ಹಂಡೆಯ ಹುಗ್ಗಿ ಒಯ್ಯುವ ಏರ್ಪಾಡೂ ಆಯಿತು.

ಪ್ರೇಮಾಬಾಯಿಗೆ ವಾಂತಿ ನಿಂತ ಮೇಲೆ ಡಾಕ್ಟರು ಹೇಳಿದ್ದು, ಜೊತೆಗೆ ಬಂದು ಹಾಸಿಗೆ ಪಕ್ಕ ಕೂತಿದ್ದ ನನಗೂ ಕೇಳಿಸಿತು. ಸ್ಟ್ಯಾಫಿಲೊಕಾಕಸ್ ಎಂಬ ಕ್ರಿಮಿ ಜನರ ಮೂಗಿನಲ್ಲಿ, ಚರ್ಮದ ಮೇಲೆ ಇರುತ್ತದೆ, ಕೀವಿನಲ್ಲಂತೂ ಹೇರಳ. ಬೆಂದ ಗೋಧಿಯಲ್ಲಿ ಬೇರೆ ಕ್ರಿಮಿಗಳೆಲ್ಲ ಸತ್ತಿರುತ್ತವೆ, ಕೈಯಿಂದ ಇಳಿದ ಇದಕ್ಕೆ ಪೈಪೋಟಿಯೇ ಇಲ್ಲ. ಗೋಣಿಚೀಲದ ಬಿಸುಪಿನಲ್ಲಿ ರಾತ್ರಿಯಿಡೀ ಬೆಳೆಯುತ್ತದೆ. ಬೆಳೆಯುತ್ತಾ ವಿಷ ಬಿಡುತ್ತದೆ. ಆ ವಿಷಕ್ಕೆ ವಾಸನೆಯಿಲ್ಲ, ಹುಳಿಯಿಲ್ಲ.

“ಹಂಗಾದ್ರ ನಾ ಎರಡು ಸಲ ಕುದಿಸಿದ್ದು?” ಪ್ರೇಮಾಬಾಯಿ ಕೇಳಿದಳು. ದನಿಯಲ್ಲಿ ಡಾಕ್ಟರ ಮೇಲೂ ಗುಮಾನಿ.

“ಕುದಿಸಿದಾಗ ಕ್ರಿಮಿ ಸತ್ತಾವ, ಅಮ್ಮ. ಅವು ಬಿಟ್ಟ ವಿಷ ಒಲಿ ಮ್ಯಾಲ ಹೋಗಂಗಿಲ್ಲ. ಅದಕ್ಕ ಜೀವಾನೇ ಇಲ್ಲ, ಸಾಯೂದೆಲ್ಲಿಂದ? ರಾತ್ರಿ ತಣ್ಣಗ ಫ್ರಿಜ್‌ನ್ಯಾಗ ಇಟ್ಟಿದ್ರ ಅದು ಹುಟ್ಟತಿರಲಿಲ್ಲ. ಹುಟ್ಟಿದ ಮ್ಯಾಲ ಚೆಲ್ಲೂದೊಂದೇ ದಾರಿ.”

ಪ್ರೇಮಾಬಾಯಿ ಗೋಡೆಯ ಕಡೆ ತಿರುಗಿ ಮಲಗಿದಳು. ಸುಮ್ಮನಿದ್ದರೆ ಇಪ್ಪತ್ತು ವರ್ಷದ ಹೆಸರು ಉಳಿಯುತ್ತದೆ, ಅಲಕಾ ಜೈಲಿನ ಬಾಗಿಲು ನೋಡುತ್ತಾಳೆ. ಲೆಕ್ಕ ಅಷ್ಟು ಸರಳವಿತ್ತು. ಆಕೆ ಯಾವ ಕಡೆ ವಾಲುತ್ತಾಳೆಂದು ನಾನು ಪಣ ಕಟ್ಟುವಂತಿರಲಿಲ್ಲ.

ಮರುದಿನ ಸಂಜೆ ಸಭೆ. ಪರೀಕ್ಷೆಯ ವರದಿ ಬರುವವರೆಗೆ ಕಾಯಲು ಚಂದ್ರಾಮಪ್ಪ ತಯಾರಿರಲಿಲ್ಲ. ಅಲಕಾಳನ್ನು ಪೊಲೀಸರಿಗೆ ಒಪ್ಪಿಸುವ ಮಾತಾಗಿತ್ತು. ಅವಳನ್ನು ಕರೆಸಿ ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿದ್ದರು. ಓಣಿಯ ಹೆಂಗಸರು ಆಗಲೇ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟಿದ್ದರು.

ಪ್ರೇಮಾಬಾಯಿ ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದಳು. ಹೆಬ್ಬೆರಳಿನ ಬ್ಯಾಂಡೇಜು ಬಿಚ್ಚಿ ಚಂದ್ರಾಮಪ್ಪನ ಮುಖದ ಹತ್ತಿರ ಹಿಡಿದಳು. ಆತ ಹಿಂದೆ ಸರಿದ.

“ನೋಡ್ರಿ ಅಧ್ಯಕ್ಷರ, ಇದ ನೀವು ಉಂಡದ್ದು. ಈಕಿ ಹಂಡೆಗೆ ಕೈನೂ ಹಚ್ಚಿಲ್ಲ. ಹಚ್ತೀನಂದ್ರ ನಾನೇ ಬಿಡ್ಲಿಲ್ಲ.”

“ಕೀವು ಆದ್ರೂ ಕುದ್ದು ಹೋಗ್ತದಲ್ಲ, ಪ್ರೇಮಾಬಾಯಿ,” ಎಂದ ಚಂದ್ರಾಮಪ್ಪ. “ಈಕಿನ್ನ ಉಳಿಸಲಿಕ್ಕ ಸುಳ್ಳು ಹೇಳಬ್ಯಾಡ.”

ಡಾಕ್ಟರು ಹೇಳಿದ್ದನ್ನು ಆಕೆ ತನ್ನ ಮಾತಿನಲ್ಲಿ ಹೇಳಿದಳು: ಚೇಳು ಸತ್ತರೂ ಕಚ್ಚಿಸಿಕೊಂಡವನ ಉರಿ ಆರುವುದಿಲ್ಲ. ಚಂದ್ರಾಮಪ್ಪ ನನ್ನ ಕಡೆ ನೋಡಿದ. ನಾನೂ ಕೇಳಿಸಿಕೊಂಡಿದ್ದೇನೆ ಎಂದೆ. ಆತ ಕೈಯಲ್ಲಿದ್ದ ಫೋನು ಜೇಬಿಗೆ ಹಾಕಿದ. ತಪ್ಪಾಯಿತು ಎನ್ನಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ.

ಆಮೇಲೆ ವರದಿ ಬಂತು. ಹುಗ್ಗಿಯಲ್ಲಿ ಜೀವಂತ ಕ್ರಿಮಿ ಸಿಕ್ಕಿರಲಿಲ್ಲ, ಅದರ ವಿಷ ಸಿಕ್ಕಿತ್ತು. ಹೆಬ್ಬೆರಳಿನ ಕೀವಿನಲ್ಲಿ ಆ ವಿಷ ಹುಟ್ಟಿಸುವ ಕ್ರಿಮಿಯೇ ಬೆಳೆದಿತ್ತು. ಅಷ್ಟರಲ್ಲಿ ರುಕ್ಮಿಣಿಬಾಯಿ ಮನೆಗೆ ಬಂದು, ಈ ಸಲದ ಹುಗ್ಗಿಗೆ ಬೆಲ್ಲ ಕಮ್ಮಿಯಿತ್ತು ಎಂದು ತಕರಾರು ತೆಗೆದಿದ್ದಳು.

ಪ್ರೇಮಾಬಾಯಿ ಅಲಕಾಳ ಮನೆಗೆ ಹೋದಳು. ಅಲಕಾ ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತು ಮರಾಠಿ ಬೆರೆತ ತನ್ನ ಹರಕು ಕನ್ನಡದಲ್ಲಿ ಹೇಳಿದಳು:

“ಮಾವಶಿ, ಸಭಾದಾಗ ಹೇಳಿದ್ರಿ, ಬರೋಬರ. ಓಣ್ಯಾಗ ಯಾರು ಹೇಳ್ತಾರ?”

ಪ್ರೇಮಾಬಾಯಿ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಯ ಕದ ತಟ್ಟಿದಳು. ಅಲಕಾ ಚಪ್ಪಲಿ ಮೆಟ್ಟಿ ಹಿಂದೆ ಬಂದಳು. ಈ ಮುದುಕಿ ಒಂದು ಮನೆಯನ್ನಾದರೂ ಬಿಡುತ್ತಾಳೇನೋ ನೋಡಬೇಕಿತ್ತಲ್ಲ.