ಗ್ಯಾಮೀಟಿಗೆ ಎರಡು ಅಂಕ

ಬೇಲೂರಿನ ಖಾಸಗಿ ಪಿಯು ಕಾಲೇಜೊಂದರಲ್ಲಿ ದೇವೀರಪ್ಪನವರು ಹನ್ನೆರಡು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದರು. ಪಾಠ ಚೆನ್ನಾಗಿತ್ತು, ಆದರೆ ನಿಧಾನ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಟಾಣಿ ಗಿಡಗಳ ಕ್ರಾಸ್ ಲೆಕ್ಕಕ್ಕೆ, ಅಂದರೆ ಗುಣಗಳನ್ನು ದೊಡ್ಡ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಳಿ ಬೆರೆಸುವ ಲೆಕ್ಕಕ್ಕೆ, ಅವರದೇ ಒಂದು ಅಡ್ಡದಾರಿ ಇತ್ತು. "ಟೆಸ್ಟ್ ಕ್ರಾಸ್ ಅಂದ್ರೆ ಒಂದು ಕಡೆ ಎರಡೂ ಅಕ್ಷರ ಚಿಕ್ಕವು. ಅದು ಕೊಡೋದು ಒಂದೇ ಥರ. ಇನ್ನೊಂದು ಗಿಡದ್ದನ್ನ ತಲೇಲಿ ಇಟ್ಕೊಳ್ಳಿ, ಹುಟ್ಟೋ ಮಕ್ಕಳನ್ನ ನೇರ ಬರೀರಿ" ಎನ್ನುತ್ತಿದ್ದರು.

ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೇಮಾಶ್ರೀಗೆ ಜೀವಶಾಸ್ತ್ರ ಕಷ್ಟ. ಮೂಳೆಗಳ ಹೆಸರು, ಸಸ್ಯ ಕುಟುಂಬಗಳ ಹೆಸರು ಯಾವುದೂ ಅವಳ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಕ್ರಾಸ್ ಲೆಕ್ಕ ಮಾತ್ರ ಒಲಿದಿತ್ತು. ಮೊದಲು ತಂದೆ ತಾಯಿ ಗಿಡ, ಆಮೇಲೆ ಅವು ಕೊಡುವ ಗ್ಯಾಮೀಟುಗಳು ಅಂದರೆ ಲಿಂಗಾಣುಗಳು, ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ಒಂದೊಂದು ಸುತ್ತು, ಕೊನೆಗೆ ಮಕ್ಕಳನ್ನು ತುಂಬುವ ಚೌಕ. ಒಂದು ಲೆಕ್ಕಕ್ಕೆ ಅರ್ಧ ಪುಟ.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಕೊನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ. ದೇವೀರಪ್ಪನವರು ಅವಳ ಪತ್ರಿಕೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿದರು.

"ಏನಮ್ಮಾ, ಪರೀಕ್ಷೆಗೆ ಬಂದಿದ್ಯೋ, ಬಳೆ ಅಂಗಡಿ ಇಟ್ಟಿದ್ಯೋ?"

ತರಗತಿ ನಕ್ಕಿತು. ಹೇಮಾಶ್ರೀ ಎದ್ದು ನಿಂತು, "ಗ್ಯಾಮೀಟ್ ತೋರಿಸ್ಬೇಕಲ್ವಾ ಸಾರ್?" ಎಂದಳು.

"ಉತ್ತರ ಸರಿ ಬಂದ್ರೆ ಗ್ಯಾಮೀಟ್ ಯಾರ್ ನೋಡ್ತಾರೆ? ಕೂತ್ಕೋ."

ಅವಳು ಕೂತಳು. ಆಮೇಲಿನ ಯಾವ ಲೆಕ್ಕದಲ್ಲೂ ಗ್ಯಾಮೀಟುಗಳೂ ಸುತ್ತುಗಳೂ ಇರಲಿಲ್ಲ.

ಅದು ೧೯೯೯. ಮಾರ್ಚ್ ಪರೀಕ್ಷೆಯಲ್ಲಿ ದುಂಡನೆಯ ಹಳದಿ ಬೀಜದ ಸಂಕರ ಗಿಡಕ್ಕೂ ಸುಕ್ಕಾದ ಹಸಿರು ಬೀಜದ ಗಿಡಕ್ಕೂ ಟೆಸ್ಟ್ ಕ್ರಾಸ್ ಬಂತು, ಐದು ಅಂಕಕ್ಕೆ. ಹೊರಗೆ ಬಂದ ಹೇಮಾಶ್ರೀ ದೇವೀರಪ್ಪನವರಿಗೆ, "ನೀವು ಹೇಳ್ದಂಗೇ ಬರ್ದೆ ಸಾರ್. ಅನುಪಾತ ಒಂದು, ಒಂದು, ಒಂದು, ಒಂದು ಬಂತು" ಎಂದಳು. ಅವರು ಶಭಾಷ್ ಎಂದರು.

ಏಪ್ರಿಲ್‌ನಲ್ಲಿ ದೇವೀರಪ್ಪನವರಿಗೆ ಮೊದಲ ಸಲ ಮೌಲ್ಯಮಾಪನಕ್ಕೆ ಕರೆ ಬಂತು. ಅಂಕ ಹಂಚಿಕೆಯ ಹಾಳೆಯಲ್ಲಿ ಆ ಪ್ರಶ್ನೆಯ ಮುಂದೆ ಹೀಗಿತ್ತು: ತಂದೆ ತಾಯಿ ಗಿಡಗಳಿಗೆ ಒಂದು, ಗ್ಯಾಮೀಟುಗಳಿಗೆ ಎರಡು, ಮಕ್ಕಳಿಗೆ ಒಂದು, ಅನುಪಾತಕ್ಕೆ ಒಂದು. RrYy ಗಿಡದ RY, Ry, rY, ry ನಾಲ್ಕನ್ನೂ ಬರೆದಿದ್ದರೆ ಒಂದು ಅಂಕ, rryy ಗಿಡದ ry ಬರೆದಿದ್ದರೆ ಇನ್ನೊಂದು. ಅವರು ಹಾಳೆಯನ್ನು ಮತ್ತೆ ಮತ್ತೆ ಓದಿದರು.

ಮೊದಲ ದಿನವೇ ಗ್ಯಾಮೀಟಿಲ್ಲದೆ ಸರಿ ಉತ್ತರ ಬರೆದಿದ್ದ ಪತ್ರಿಕೆ ಕೈಗೆ ಬಂತು. ಅವರು ಐದೂ ಹಾಕಿಬಿಟ್ಟರು. ಪರಿಶೀಲಿಸಿದ ಮುಖ್ಯ ಪರೀಕ್ಷಕರು ಪತ್ರಿಕೆ ವಾಪಸ್ ತಂದರು.

"ಗ್ಯಾಮೀಟ್ ಎಲ್ರೀ ಇದರಲ್ಲಿ?"

"ಉತ್ತರ ಸರಿಯಿದೆ ಸಾರ್. ತಿಳೀದೆ ಬರೆಯೋಕಾಗುತ್ತಾ?"

"ಬಾಯಿಪಾಠ ಮಾಡಿ ಒಂದು ಒಂದು ಒಂದು ಒಂದು ಅಂತ ಬರೆದಿದ್ರೆ? ಆ ಅಕ್ಷರ ಹೇಗೆ ಬೇರೆಯಾಗ್ತವೆ ಅಂತ ತೋರಿಸೋದೇ ಗ್ಯಾಮೀಟ್ ಅಲ್ವೇನ್ರೀ? ನೀವು ಮಕ್ಕಳಿಗೆ ಹೇಳ್ಕೊಡಲ್ವಾ?"

ದೇವೀರಪ್ಪನವರು ಪತ್ರಿಕೆ ತೆಗೆದುಕೊಂಡರು. ಐದನ್ನು ಹೊಡೆದು ಮೂರು ಮಾಡಿ ಸಹಿ ಹಾಕಿದರು. ಆ ವಾರವಿಡೀ ಯಾರದೋ ಮಕ್ಕಳ ಎರಡೆರಡು ಅಂಕ ಕಳೆಯುತ್ತಾ ಹೋದರು. ಪ್ರತಿ ಸಲವೂ ಕಣ್ಣ ಮುಂದೆ ಬರುತ್ತಿದ್ದುದು ತರಗತಿಯ ನಗು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಅಡ್ಡದಾರಿ ಹಿಡಿದ ಉಳಿದವರೆಲ್ಲ ಹೇಗೋ ದಾಟಿಕೊಂಡಿದ್ದರು. ಹೇಮಾಶ್ರೀ ಜೀವಶಾಸ್ತ್ರವೊಂದರಲ್ಲಿ ಫೇಲ್. ಅಂಕಪಟ್ಟಿಯಲ್ಲಿ ಪಾಸಿಗೆ ಎರಡು ಕಡಿಮೆ.

ಆ ಭಾನುವಾರ ಅವರು ಹಳೇಬೀಡಿಗೆ ಹೋದರು. ಬಾಗಿಲಲ್ಲಿ ಸಿಕ್ಕ ತಾಯಿ ದ್ಯಾವಮ್ಮ ಚಾಪೆ ಹಾಸಿ ಕೂರಿಸಿದರು. "ನೀವು ಮನೆಗಂಟ ಬಂದ್ರಲ್ಲ ಸಾರ್, ಅದೇ ದೊಡ್ಡದು. ನಮ್ ಹುಡ್ಗೀದೇ ತಪ್ಪು. ಓದಕ್ಕೆ ಮನ್ಸಿಲ್ಲ ಅದುಕ್ಕೆ."

"ಇಲ್ಲಮ್ಮ" ಎಂದಷ್ಟೇ ಹೇಳಿದರು. ಕಾಫಿ ಕುಡಿದರು. ಎಳನೀರೂ ಬಂತು, ಅದನ್ನೂ ಕುಡಿದರು. ಹೊರಡುವಾಗ ಹೇಮಾಶ್ರೀ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಬಸ್ಸು ಕಾಣಿಸಿದ ಮೇಲೆ ಅವರು ಹೇಳಿದರು:

"ಆ ಎರಡು ಅಂಕ ಗ್ಯಾಮೀಟಿಂದು. ಅದನ್ನ ಬರೆಯೋದು ನಾನೇ ಬಿಡಿಸಿದ್ದು. ತಪ್ಪು ನಂದು, ನಿಂದಲ್ಲ."

ಅವಳು ನೆಲ ನೋಡುತ್ತಿದ್ದಳು. "ಬರೀಬೇಕು ಅಂತ ಗೊತ್ತಿತ್ತು ಸಾರ್. ಪೆನ್ಸಿಲ್ ತಗೊಂಡಿದ್ದೆ. ಎಲ್ಲಾರೂ ನಕ್ಕಿದ್ದು ನೆಪ್ಪಾಯ್ತು, ಇಟ್ಬಿಟ್ಟೆ."

ಅವರು ಆ ಬಸ್ಸು ಹತ್ತಲಿಲ್ಲ. ಅವಳೊಂದಿಗೆ ವಾಪಸ್ ಹೋಗಿ ದ್ಯಾವಮ್ಮನಿಗೂ ಅದನ್ನೇ ಹೇಳಿದರು. ಆಯಮ್ಮ ಮಗಳ ಕಡೆ ತಿರುಗಿ, "ಹಂಗಾದ್ರೆ ನಾನು ಇವಳಿಗೆ ಹೊಡ್ದಿದ್ದು?" ಎಂದರು.

ಹೇಮಾಶ್ರೀ ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಅಷ್ಟರಲ್ಲಿ ಪದವಿ ಕಾಲೇಜುಗಳ ಪ್ರವೇಶ ಮುಗಿದಿತ್ತು. ಒಂದು ವರ್ಷ ಮನೆಯಲ್ಲೇ ಉಳಿದು, ಮರುವರ್ಷ ಹಾಸನದಲ್ಲಿ ನರ್ಸಿಂಗ್ ತರಬೇತಿಗೆ ಸೇರಿದಳು. ದೇವೀರಪ್ಪನವರು ಹಳೇಬೀಡಿಗೆ ಹೋಗಿಬಂದ ಮರುತಿಂಗಳು, ಜೂನ್‌ನ ಮೊದಲ ತರಗತಿಯಲ್ಲೇ ಹೊಸ ಮಕ್ಕಳಿಗೆ ಇದನ್ನೆಲ್ಲ, ಬಳೆ ಅಂಗಡಿ ಎಂದದ್ದನ್ನೂ ಸೇರಿಸಿ, ಹೇಳಿದರು. ಯಾರೂ ನಗಲಿಲ್ಲ. ಹೇಳಿದ ಮೇಲೆ ಹಗುರಾಗಬಹುದು ಎಂದುಕೊಂಡಿದ್ದರು. ಆಗಲಿಲ್ಲ.