ಪೇಪರ್ ರೇಟು, ಒಲೆ ಮುಂದಿನ ರೇಟು

ಅಮೃತಹಳ್ಳಿಯ ಆ ಓಣಿಯಲ್ಲಿ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಪೇಪರ್ ಹುಡುಗನ ಸೈಕಲ್ ಸದ್ದಿಗೆ ಪಂಚಪ್ಪ ಬಾಗಿಲು ತೆರೆಯುತ್ತಾರೆ. ಮುಖಪುಟದ ಕಡೆ ಕಣ್ಣೂ ಹಾಯಿಸುವುದಿಲ್ಲ. ನೇರ ವಾಣಿಜ್ಯ ಪುಟ. ಅದರ ಕೆಳಗಿನ ಮೂಲೆ. ಚಿನ್ನ, ಬೆಳ್ಳಿಯ ಪಕ್ಕದ ಸಣ್ಣ ಚೌಕ. ಡಾಲರ್ ಎದುರು ರೂಪಾಯಿ.

"ಎಂಬತ್ತಾರ ದಾಟೈತಿ," ಎಂದು ಒಳಗೆ ಕೂಗುತ್ತಾರೆ.

ಒಳಗಿನಿಂದ ಬರುವುದು ಒಂದೇ ಸದ್ದು, ಕಲ್ಲಿನ ಮೇಲೆ ಜೋಳದ ರೊಟ್ಟಿ ಬಡಿಯುವ ಸದ್ದು. ನೀಲಕ್ಕನ ಅಂಗೈಯಲ್ಲಿ ಹಿಟ್ಟು ತಿರುಗುತ್ತ ಅಗಲವಾಗುತ್ತದೆ, ಹಂಚಿಗೆ ಬೀಳುತ್ತದೆ, ಒದ್ದೆ ಬಟ್ಟೆಯಿಂದ ನೀರು ಸವರಿಸಿಕೊಳ್ಳುತ್ತದೆ. ಪಕ್ಕದ ಮನೆಯ ಸರಳಾ ಬೇಯಿಸಿ ಪೇರಿಸುತ್ತಾರೆ. ದಿನಕ್ಕೆ ಮುನ್ನೂರು ರೊಟ್ಟಿ. ಸುತ್ತಲಿನ ಪಿಜಿಗಳಲ್ಲಿ ಉಣ್ಣುವ ಐಟಿ ಹುಡುಗರಿಗೆ ಇದು ಯಾರ ಕೈಯ ರೊಟ್ಟಿ ಎಂದು ಗೊತ್ತಿಲ್ಲ.

ಇನ್ನು ಹತ್ತು ದಿನಕ್ಕೆ ಗಂಡ ಹೆಂಡತಿ ಕೈಲಾಸ ಮಾನಸ ಸರೋವರಕ್ಕೆ ಹೊರಡುತ್ತಾರೆ. ಐದು ವರ್ಷ ಮುಚ್ಚಿದ್ದ ದಾರಿ ಈ ಸಲ ತೆರೆದಿದೆ. ಸರ್ಕಾರದ ಲಾಟರಿಯಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಬಂದಿದೆ.

ಪಂಚಪ್ಪ ಗದಗ ಕಡೆಯವರು. ಮೂವತ್ತು ವರ್ಷ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ, ಗುರುಪಾದಪ್ಪ ಎಂಬ ದಲಾಲರ ಈರುಳ್ಳಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ತೂಕದ ಚೀಟಿ, ಹಮಾಲಿ, ಕಮಿಷನ್ ಎಲ್ಲ ಬರೆದು ರೈತನ ಕೈಗೆ ಪಟ್ಟಿ ಕೊಡುವ ಕೆಲಸ. ನಿವೃತ್ತಿಯ ದಿನ ಸಿಕ್ಕಿದ್ದು ಒಂದು ಶಾಲು, ಒಂದು ಗಡಿಯಾರ, ಚಿಲ್ಲರೆ ಪಿಎಫ್. ಪಿಂಚಣಿ ಎಂಬ ಪದ ಆ ಯಾರ್ಡಿನ ಗೇಟು ದಾಟಿ ಒಳಗೆ ಬಂದೇ ಇಲ್ಲ. ಕೋಟಿಗಳ ಲೆಕ್ಕ ಬರೆದ ಕೈಗೆ ತನ್ನ ಮುಪ್ಪಿನ ಲೆಕ್ಕ ಬರೆಯಲು ಯಾರೂ ಕಾಗದ ಕೊಡಲಿಲ್ಲ.

ಯಾತ್ರೆಯ ದುಡ್ಡು ಬಂದದ್ದು ಆ ಪಿಎಫ್‌ನಿಂದ ಅಲ್ಲ. ರೊಟ್ಟಿಯಿಂದ. ಈ ಕಡೆಯ ಖರ್ಚೆಲ್ಲ ರೂಪಾಯಿಯಲ್ಲಿ ಕಟ್ಟಿಯಾಗಿದೆ. ಗಡಿಯಾಚೆಯದ್ದು ಮಾತ್ರ ಡಾಲರ್, ಅದೂ ನೋಟಿನಲ್ಲೇ. ಇಬ್ಬರ ಶುಲ್ಕ, ಮೇಲ್ಖರ್ಚು ಸೇರಿ ಮೂರು ಸಾವಿರ ಬೇಕೆಂದು ಅಂದಾಜು. ಇದರಲ್ಲಿ ಶುಲ್ಕವನ್ನು ಒಂದು ಡಾಲರೂ ಕಡಿಮೆ ಮಾಡುವಂತಿಲ್ಲ. ಉಳಿದದ್ದರಲ್ಲಿ ಕುದುರೆ. ನೀಲಕ್ಕನ ಎಡಮೊಣಕಾಲು ಕೂತು ಎದ್ದು ಸವೆದಿದೆ. ಕೈಲಾಸ ಪರ್ವತದ ಸುತ್ತು ಮೂರು ದಿನದ ಹಾದಿ, ನಡುವಿನ ದಿನ ಕಡಿದಾದ ಏರು. ಕುದುರೆ ಇದ್ದರೆ ಅವರು ಸುತ್ತು ಮುಗಿಸುತ್ತಾರೆ. ಇಲ್ಲದಿದ್ದರೆ ಕೆಳಗಿನ ಶಿಬಿರದಲ್ಲಿ ಕೂತು ಗಂಡನ ದಾರಿ ಕಾಯಬೇಕು.

ಲಾಟರಿಯಲ್ಲಿ ಹೆಸರು ಬಂದಾಗ ಬ್ಯಾಂಕಿನಲ್ಲಿ ಉಳಿದಿದ್ದದ್ದು ಎರಡು ಲಕ್ಷದ ಐವತ್ತೈದು ಸಾವಿರ. ಡಾಲರಿಗೆ ಎಂಬತ್ತೈದರಂತೆ ಹಿಡಿದರೆ ಸರಿಯಾಗಿ ಮೂರು ಸಾವಿರ ಬರುತ್ತದೆ. ಕೈ ತಪ್ಪುವ ಪ್ರತಿ ಡಾಲರೂ ಕುದುರೆಯದ್ದೇ.

"ಮೇ ತಿಂಗಳ ಮೊದಲಿಗೆ ಪೇಪರ್‌ನ್ಯಾಗ ಎಂಬತ್ನಾಲ್ಕರ ಹತ್ರ ಬಂದಿತ್ರೀ," ಎನ್ನುತ್ತಾರೆ ಪಂಚಪ್ಪ. "ಆವಾಗ ನಮ್ಮ ಹೆಸರ ಬಂದಿದ್ದಿಲ್ಲ. ಟಿಕೆಟ್ಟು, ಪತ್ರ ಇಲ್ದ ಡಾಲರ್ ಕೊಡಂಗಿಲ್ಲ. ಕೊಂಡ ಮ್ಯಾಲ ಅರವತ್ತು ದಿನದಾಗ ಬಳಸ್ಬೇಕು, ಇಲ್ಲಾಂದ್ರ ವಾಪಸ್ ಮಾಡ್ಬೇಕು. ಅದಕ್ಕ ಕಾಯ್ದೆ. ಯಾರ್ಡಿನ್ಯಾಗ ನಾ ನೋಡೀನಲ್ರೀ, ಒಮ್ಮೆ ಬಂದ ರೇಟು ಆ ಹಂಗಾಮಿನ್ಯಾಗ ಮತ್ತೊಮ್ಮೆ ಬರ್ತೈತಿ."

ಈರುಳ್ಳಿಗೆ ಆವಕ ಇದೆ. ಲಾರಿ ಹೆಚ್ಚು ಬಂದರೆ ದರ ಇಳಿಯುತ್ತದೆ. ಡಾಲರಿಗೂ ಆವಕ ಇದೆ ಎಂದು ಪಂಚಪ್ಪ ಓದಿ ತಿಳಿದುಕೊಂಡಿದ್ದಾರೆ. ಹೊರದೇಶದ ಹೂಡಿಕೆ ಬಂದರೆ ಡಾಲರ್ ಮೆತ್ತಗಾಗುತ್ತದೆ. ತೈಲ ಕಂಪನಿಗಳು ಎಣ್ಣೆ ಕೊಳ್ಳಲು ನಿಂತರೆ ಬಿಗಿಯಾಗುತ್ತದೆ. ಆದರೆ ಈ ಲಾರಿಗಳು ಯಾವ ಗೇಟಿನಿಂದ, ಯಾವಾಗ ಬರುತ್ತವೆ ಎಂದು ಕೂತು ನೋಡಲು ಯಾರ್ಡಿನಲ್ಲಿದ್ದಂಥ ಕಟ್ಟೆ ಅಲ್ಲಿ ಅವರಿಗಿಲ್ಲ.

ಜೂನ್ ನಡುವಿಗೆ ಪಶ್ಚಿಮ ಏಷ್ಯಾದಲ್ಲಿ ಯುದ್ಧ. ಎಣ್ಣೆ ಏರಿತು, ಚೌಕದಲ್ಲಿ ಎಂಬತ್ತಾರೂ ಮುಕ್ಕಾಲು ಬಂತು. ಓಣಿಯವರೆಲ್ಲ ತೊಂಬತ್ತಾಗುತ್ತದೆ ಅಂದರು. ಪಂಚಪ್ಪ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ, ಆದರೆ ಕೊಳ್ಳಲೂ ಇಲ್ಲ. "ಲಾರಿ ಸ್ಟ್ರೈಕಿನ ರೇಟ್ ಅದು. ಗೇಟ್ ತಗದ್ರ ಇಳಿತೈತಿ." ಕದನ ನಿಂತಿತು, ಡಾಲರ್ ಇಳಿಯಿತು. ಜುಲೈ ಮೊದಲ ವಾರ ಪೇಪರಿನಲ್ಲಿ ಎಂಬತ್ತೈದೂ ಚಿಲ್ಲರೆ. ಆ ದಿನ ಅವರ ನಡಿಗೆಯೇ ಬೇರೆ ಇತ್ತು ಎಂದು ಸರಳಾ ನಗುತ್ತಾರೆ: "ಅಜ್ಜಾರು ಇಸ್ತ್ರಿ ಅಂಗಿ ಹಾಕ್ಕೊಂಡ್ ಹೊಂಟಿದ್ರು ನೋಡ್ರಿ, ಹೆಣ್ಣು ನೋಡಾಕ ಹೊಂಟಂಗ."

ಆರ್.ಟಿ. ನಗರದ ವಿದೇಶಿ ನೋಟಿನ ಅಂಗಡಿ. ಗಾಜಿನ ಹಿಂದೆ ಮೋನಿಷಾ ಎಂಬ ಯುವತಿ. ಪಂಚಪ್ಪ ಪೇಪರನ್ನು ಮಡಚಿ, ಚೌಕ ಕಾಣುವಂತೆ ಗಾಜಿಗೆ ಒತ್ತಿ ಹಿಡಿಯುತ್ತಾರೆ.

"ಎಂಬತ್ತೈದು ಮೂವತ್ತರಂಗ ಮೂರು ಸಾವಿರ ಕೊಡವಾ."

"ಅಂಕಲ್, ಎಂಬತ್ತೇಳು."

"ಏನ್ ಎಂಬತ್ತೇಳು?"

"ನಮ್ ರೇಟು. ನೀವು ತೋರಿಸ್ತಿರೋದು ನಿನ್ನೆ ಸಂಜೆ ಬ್ಯಾಂಕ್ ಬ್ಯಾಂಕ್ ಮಧ್ಯೆ ಕ್ಲೋಸ್ ಆಗಿರೋ ರೇಟು. ಕೋಟಿಗಟ್ಟಲೆ ವ್ಯವಹಾರದ್ದು. ಬಿಡಿಯಾಗಿ ನೋಟು ತಗೊಳ್ಳೋರಿಗೆ ಅದು ಸಿಗಲ್ಲ. ನೋಟು ತರಿಸ್ಬೇಕು, ಇನ್ಶೂರೆನ್ಸು, ಲಾಕರ್ರು, ಎಲ್ಲಾ ಇದೆ. ಕಾರ್ಡ್ ಆದ್ರೆ ಮುಕ್ಕಾಲು ರೂಪಾಯಿ ಕಮ್ಮಿ ಮಾಡ್ಕೊಡ್ಬೋದು."

"ಅಲ್ಲಿ ಕಾರ್ಡ್ ನಡಿಯಂಗಿಲ್ಲ ತಂಗಿ. ನೋಟೇ ಬೇಕು."

"ಹಂಗಾದ್ರೆ ಎಂಬತ್ತೇಳು. ಮೇಲೆ ಜಿಎಸ್‌ಟಿ. ಅದು ಪೇಪರ್ ರೇಟು ಅಂಕಲ್, ಇದು ಕೌಂಟರ್ ರೇಟು."

ಪಂಚಪ್ಪನ ಕೈ ಗಾಜಿನಿಂದ ಮೆಲ್ಲಗೆ ಕೆಳಗಿಳಿಯುತ್ತದೆ. ಈ ಮಾತನ್ನು ಅವರು ಎಷ್ಟು ಸಲ ಕೇಳಿಲ್ಲ! ತಮ್ಮ ಬಾಯಿಂದಲೇ ಕೇಳಿದ್ದಾರೆ. ಗದಗಿನಿಂದ ರಾತ್ರಿಯಿಡೀ ಚೀಲದ ಮೇಲೆ ಕೂತು ಬಂದ ರೈತ, ಪೇಪರ್ ಮಡಚಿ ಮೇಜಿನ ಮೇಲಿಡುತ್ತಿದ್ದ. "ಅದು ಪೇಪರ್ ರೇಟ್ ಯಜಮಾನ್ರ, ಇದು ಯಾರ್ಡ್ ರೇಟ್," ಎನ್ನುತ್ತಿದ್ದರು ಪಂಚಪ್ಪ. ಬಡವರ ಎದುರು ಎರಡು ರೇಟು ಇಡದ ಸಂತೆ ಈ ದೇಶದಲ್ಲಿ ಯಾವುದಿದೆ? ಅಚ್ಚಾಗುವುದೊಂದು, ಕೈಗೆ ಬರುವುದೊಂದು.

ಅವರು ಕೊಳ್ಳದೆ ಹಿಂತಿರುಗಿದರು. ಎಂಬತ್ನಾಲ್ಕು ಬಂದೇ ಬರುತ್ತದೆ, ಆಗ ಕೌಂಟರಿನಲ್ಲಿ ಎಂಬತ್ತೈದೂವರೆಗೆ ಸಿಗುತ್ತದೆ ಎಂದು ಮನೆಯಲ್ಲಿ ವಾದ ಹೂಡಿದರು. ಅಷ್ಟು ದಿನ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದ ನೀಲಕ್ಕ ಅಂದು ಹಂಚು ಇಳಿಸಿದರು.

"ಏನ್ರೀ, ನಾ ಜೋಳ ಹೆಂಗ ಕೊಳ್ತೀನಿ?"

"ತಿಂಗಳಿಗೊಂದು ಚೀಲ."

"ಅಗ್ಗ ಆದಾಗ ವರ್ಷದ್ದೆಲ್ಲ ಒಮ್ಮೆ ಕೊಳ್ತೀನೇನು?"

"ಇಲ್ಲ."

"ಯಾಕಂದ್ರ ಯಾವಾಗ ಅಗ್ಗ ಆಗ್ತೈತಿ ಅಂತ ನನಗ ತಿಳಿಯಂಗಿಲ್ಲ. ನಿಮಗೂ ತಿಳಿಯಂಗಿಲ್ಲ. ಒಂದ್ ತಿಂಗಳ ತುಟ್ಟಿ, ಒಂದ್ ತಿಂಗಳ ಸಸ್ತಾ, ಒಲಿ ಅಂತೂ ಆರಿಲ್ಲ. ಅರ್ಧ ಇವತ್ತ ತಗೋರಿ. ಇಳಿದ್ರ ಉಳಿದರ್ಧಕ್ಕ ಲಾಭ. ಏರಿದ್ರ ಅರ್ಧ ಉಳ್ಕೊಂತು. ನಿಮ್ಮ ಎಂಬತ್ನಾಲ್ಕರ ಮ್ಯಾಲ ನಾ ಹತ್ತಿ ಹೋಗಾಕ ಆಗಂಗಿಲ್ಲ, ಕುದುರಿ ಮ್ಯಾಲ ಹೋಗ್ಬೇಕು."

ಅದೇ ಮಧ್ಯಾಹ್ನ ಮತ್ತೆ ಆರ್.ಟಿ. ನಗರ. ಈ ಸಲ ಪಂಚಪ್ಪ ಪೇಪರ್ ಒಯ್ಯಲಿಲ್ಲ. ಮೊದಲು ಅದೇ ರಸ್ತೆಯ ಇನ್ನೆರಡು ಅಂಗಡಿಯಲ್ಲಿ ದರ ಕೇಳಿ, ಆಮೇಲೆ ಗಾಜಿನ ಮುಂದೆ ನಿಂತರು. ಚೌಕಾಸಿ ಯಾರ್ಡಿನ ವಿದ್ಯೆ. ಎಂಬತ್ತೇಳು ಎಂಬತ್ತಾರೂವರೆಗೆ ಇಳಿಯಿತು. ಚೀಲದಿಂದ ನೋಟಿನ ಕಟ್ಟು ತೆಗೆದರೆ ಮೋನಿಷಾ ತಲೆಯಾಡಿಸಿದರು: ಐವತ್ತು ಸಾವಿರ ದಾಟಿದರೆ ನಗದು ತಗೊಳ್ಳುವಂತಿಲ್ಲ, ಖಾತೆಯಿಂದಲೇ ಬರಬೇಕು. ಚೆಕ್ಕು, ಪಾಸ್‌ಪೋರ್ಟು, ಪ್ಯಾನ್, ಯಾತ್ರೆಯ ಪತ್ರ, ಅರ್ಜಿಯ ಸಹಿ ಎಲ್ಲ ಮುಗಿದು, ಎರಡು ದಿನಕ್ಕೆ ಚೆಕ್ಕು ಪಾಸಾದ ಮೇಲೆ ಪಂಚಪ್ಪನ ಹೆಸರಿಗೆ ಸಾವಿರದೈನೂರು ಡಾಲರ್ ಬಂತು. ಗರಿಗರಿ ನೂರರ ಹದಿನೈದು ನೋಟು.

ಅವರು ಎಣಿಸಿದರು. ಎಣಿಸಿ, ಜೇಬಿನ ಪೆನ್ನು ತೆಗೆದು, ಮೇಲಿನ ನೋಟಿನ ಅಂಚಿಗೆ ಒಯ್ದರು. ಮಂಡಿಯಲ್ಲಿ ಕಟ್ಟು ಎಣಿಸಿದ ಗುಮಾಸ್ತ ಮೇಲಿನ ನೋಟಿನ ಮೇಲೆ ಸಂಖ್ಯೆ, ಸಹಿ ಹಾಕಲೇಬೇಕು.

"ಅಂಕಲ್, ಪೆನ್ನು! ಪೆನ್ನು ಕೆಳಗಿಡಿ!" ಮೋನಿಷಾ ಕೂಗಿದ್ದಕ್ಕೆ ಇಡೀ ಅಂಗಡಿ ತಿರುಗಿತು. "ಒಂದು ಗೀಟು ಬಿದ್ರೂ ಅಲ್ಲಿ ಆ ನೋಟು ಮುಟ್ಟಲ್ಲ ಅವ್ರು. ವಾಪಸ್ ತಂದ್ರೆ ನಾನು ನಮ್ ಕೊಳ್ಳೋ ರೇಟಿಗೆ ತಗೋಬೇಕು, ಎಂಬತ್ನಾಲ್ಕಕ್ಕೆ!"

"ಅಂತೂ ಎಂಬತ್ನಾಲ್ಕು ಐತಿ ಅನ್ನು," ಎಂದರು ಪಂಚಪ್ಪ. ಮೋನಿಷಾಗೆ ನಗು ತಡೆಯಲಾಗಲಿಲ್ಲ.

ಪೇಪರಿನ ಚೌಕ ಆಮೇಲೆ ಇಳಿಯಲಿಲ್ಲ. ದಿನಕ್ಕೆ ಹತ್ತಿಪ್ಪತ್ತು ಪೈಸೆ ತೆವಳುತ್ತ ಮೇಲೇ ಹೋಯಿತು. ನೀಲಕ್ಕನ ಪಾಲಿನ ಉಳಿದರ್ಧ ನಿನ್ನೆ ಕೊಂಡದ್ದು, ಎಂಬತ್ತೇಳು ಅರವತ್ತಕ್ಕೆ. ಎರಡೂ ಸೇರಿ, ಜಿಎಸ್‌ಟಿ ಸೇರಿ, ಕೈಯಲ್ಲಿದ್ದದ್ದಕ್ಕಿಂತ ಆರೂವರೆ ಸಾವಿರ ಹೆಚ್ಚು.

ಆದರೂ ಮೂರು ಸಾವಿರ ಡಾಲರ್ ಪೂರ್ತಿ ಮನೆಯಲ್ಲಿದೆ. ಹೇಗೆ ಎಂದು ಕೇಳಿದರೆ ಪಂಚಪ್ಪ ಅಡುಗೆಮನೆಯ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

ಮೊದಲರ್ಧ ಕೊಂಡ ಮರುದಿನ ನೀಲಕ್ಕ ರೊಟ್ಟಿಯ ದರ ಹತ್ತರಿಂದ ಹನ್ನೆರಡು ಮಾಡಿದ್ದರು. ನಾಲ್ಕು ವರ್ಷದಲ್ಲಿ ಅದೇ ಮೊದಲು. ಹೆಚ್ಚಿದ ಎರಡರಲ್ಲಿ ಒಂದು ರೂಪಾಯಿ ಸರಳಾಗೆ, ಒಂದು ಕುದುರೆಗೆ. ಇಪ್ಪತ್ತೆರಡು ದಿನದಲ್ಲಿ ಕುದುರೆಯ ರೂಪಾಯಿ ಆರೂವರೆ ಸಾವಿರ ದಾಟಿದೆ.

"ಪೇಪರ್ ನೋಡಿ ನೋಡಿ ನನಗೊಂದ ವಿಚಾರ ಬಂತ್ರೀ," ಎನ್ನುತ್ತಾರೆ ನೀಲಕ್ಕ, ಕೈ ನಿಲ್ಲಿಸದೆ. "ಇವ್ರು ದಿನಾ ಬೆಳಗಾದ್ರ ಡಾಲರ್ ರೇಟ್ ಎಷ್ಟು, ಬಂಗಾರದ ರೇಟ್ ಎಷ್ಟು ಅಂತಾರ. ಜೋಳ ಏರೇತಿ, ಗ್ಯಾಸ್ ಏರೇತಿ. ನನ್ನ ರೊಟ್ಟಿ ರೇಟ್ ಎಷ್ಟು ಅಂತ ನಾನೂ ಕೇಳಿದ್ದಿಲ್ಲ."

ಯಾರೂ ಕೇಳಿರಲಿಲ್ಲ. ರೂಪಾಯಿ ಹತ್ತು ಪೈಸೆ ಸೋತರೆ ತಜ್ಞರು ಸಾಲಾಗಿ ಬಂದು ಕಾರಣ ಹೇಳುತ್ತಾರೆ. ಒಲೆಯ ಮುಂದೆ ಕೂತ ಹೆಣ್ಣಿನ ಕೈ ನಾಲ್ಕು ವರ್ಷ ಒಂದೇ ದರಕ್ಕೆ ಬಡಿದರೆ ಅದು ಯಾವ ಪುಟದ ಯಾವ ಚೌಕದಲ್ಲೂ ಬರುವುದಿಲ್ಲ.

ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಪಿಜಿ ನಡೆಸುವ ಸುರೇಶ್ ಸ್ಕೂಟರ್ ನಿಲ್ಲಿಸುತ್ತಾನೆ. ನೂರು ರೊಟ್ಟಿಯ ಕಟ್ಟು ಅವನದು.

"ಅಕ್ಕಾ, ಡಾಲರ್ ತಗೊಂಡಾಯ್ತಂತೆ? ಒಳ್ಳೇದಾಯ್ತು ಬಿಡಿ. ಇನ್ಮೇಲೆ ಹತ್ತಕ್ಕೇ ಇಳಿಸ್ತೀರಲ್ವಾ?"

"ಯಾಕ ಇಳಿಸ್ಲಿ?"

"ಅಯ್ಯೋ, ಕುದುರೆ ದುಡ್ಡು ಬಂತಲ್ಲಕ್ಕಾ! ಎಲ್ಲಾ ಕಡೆ ಹತ್ತೇ ಕಣಕ್ಕಾ ರೇಟು. ಬೇಕಾದ್ರೆ ಅಂಕಲ್‌ನ ಕೇಳಿ."

ಪಂಚಪ್ಪ ಪೇಪರಿನಿಂದ ತಲೆ ಎತ್ತುವುದಿಲ್ಲ. ನೀಲಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾರೆ. ಅದು ಉಬ್ಬಿ ಉಸಿರು ಬಿಡುವವರೆಗೆ ಕಾಯುತ್ತಾರೆ. ತೆಗೆದು ಅವನ ಕಟ್ಟಿನ ಮೇಲೆ ನೂರನೆಯದಾಗಿ ಇಡುತ್ತಾರೆ.

"ಅದು ಪೇಪರ್ ರೇಟ್ ತಮ್ಮಾ," ಎನ್ನುತ್ತಾರೆ. "ಇದು ಒಲಿ ಮುಂದಿನ ರೇಟು. ಕುದುರಿ ಇಳಿದ ಮ್ಯಾಲೂ ಇದ ಇರ್ತೈತಿ."