ಯೂರೋ ಬಿಟ್ಟು ಡಾಲರಿನಲ್ಲಿ ಬಿಲ್ಲು ಕೇಳಿದ ಪತ್ರ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇತ್ತು. ನಮ್ಮದು ಅಂದರೆ ನನ್ನದಲ್ಲ, ನಾನು ಅಲ್ಲಿ ಸಂಬಳಕ್ಕಿದ್ದವಳು. ಆದರೆ ಹನ್ನೊಂದು ವರ್ಷ ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಓಡಾಡಿದ ಜಾಗವನ್ನು ನಮ್ಮದು ಅನ್ನದೆ ಇನ್ನೇನನ್ನಲಿ? ಬೆರಳುದ್ದದ ಮಿಡಿಸೌತೆಯನ್ನು ಉಪ್ಪುನೀರಿನ ಡ್ರಮ್ಮುಗಳಲ್ಲಿ ತುಂಬಿ ಅಮೆರಿಕಕ್ಕೆ ಕಳಿಸುತ್ತಿದ್ದೆವು. ಅದನ್ನು ಇಲ್ಲಿ ಬಾಯಿಗಿಡುವವರು ಕಡಿಮೆ. ಒಮ್ಮೆ ಮನೆಗೆ ತಂದು ಹುಳಿಗೆ ಹಾಕಿದೆ, ನಮ್ಮತ್ತೆ ತಟ್ಟೆಯನ್ನೇ ಅತ್ತ ಸರಿಸಿಬಿಟ್ಟರು.

ಕಾರ್ಖಾನೆಯ ಯಜಮಾನರು ಹೊಳೆನರಸೀಪುರದವರು. ಮೇಷ್ಟರ ಮನೆತನ, ವ್ಯಾಪಾರಕ್ಕೆ ಇಳಿದ ಮೊದಲನೆಯವರು ಇವರೇ. ನನ್ನ ಗಂಡ ತೀರಿಕೊಂಡ ವರ್ಷ, ಏನೂ ಬಾರದ ನನಗೆ ಕೆಲಸ ಕೊಟ್ಟು ಆಮದು ರಫ್ತಿನ ಕಾಗದಪತ್ರ ಕಲಿಸಿದವರು. ಅವರಿಗೆ ಒಂದು ಜಾಡ್ಯವಿತ್ತು, ಮರ್ಯಾದೆಯ ಜಾಡ್ಯ. ಕಷ್ಟ ಎಂಬ ಪದವನ್ನು ಹೊರಗಿನವರ ಮುಂದೆ ಉಸುರಿದರೆ ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡಿದ್ದರು.

ಬೀಜ ಬರುತ್ತಿದ್ದದ್ದು ಹಾಲೆಂಡಿನಿಂದ. ಇಂಥದೇ ತಳಿಯ ಕಾಯಿ ಬೇಕೆಂದು ಅಮೆರಿಕದವರು ಕರಾರಿನಲ್ಲೇ ಬರೆಸಿದ್ದರು, ಬೇರೆ ಬೀಜ ಬಿತ್ತುವ ಹಾಗಿರಲಿಲ್ಲ. ಬೀಜದ ಬಿಲ್ಲು ಯೂರೋದಲ್ಲಿ, ಬೀಜ ಹೊರಟ ತೊಂಬತ್ತು ದಿನಕ್ಕೆ ನಾವು ಹಣ ಕಳಿಸಬೇಕು. ನಮಗೆ ಬರುವ ಹಣ ಮಾತ್ರ ಡಾಲರಿನಲ್ಲಿ, ಅದೂ ವರ್ಷದ ಮೊದಲೇ ಗೊತ್ತಾದ ದರಕ್ಕೆ. ಆ ವರ್ಷ ಡಾಲರಿನೆದುರು ಯೂರೋ ಏರುತ್ತಲೇ ಇತ್ತು. ಬಿಲ್ಲಿನ ಮೊತ್ತ ಅಷ್ಟೇ ಇದ್ದರೂ ಅದನ್ನು ತೀರಿಸಲು ಬೇಕಾಗುವ ಡಾಲರು ಹೆಚ್ಚುತ್ತಿತ್ತು. ಹೆಚ್ಚಾದದ್ದನ್ನು ಅಮೆರಿಕದವರ ಮೇಲೆ ಹಾಕುವಂತಿಲ್ಲ, ನಮ್ಮಿಂದ ಬೀಜ ಕೊಂಡು ಕಾಯಿ ಬೆಳೆದುಕೊಡುತ್ತಿದ್ದ ರೈತರಿಗೆ ಬೀಜದ ದರ ಮೊದಲೇ ಹೇಳಿಬಿಟ್ಟಿದ್ದರಿಂದ ಅವರ ಮೇಲೂ ಹಾಕುವಂತಿಲ್ಲ. ಹಿಂದಿನ ಸಲ ಉಳಿಯಬೇಕಾದ ನಾಲ್ಕು ಕಾಸು ಅಲ್ಲೇ ಕರಗಿತ್ತು. ಇನ್ನೊಂದು ಸಲ ಹಾಗಾದರೆ ಕಾರ್ಖಾನೆಗೆ ಬೀಗವೇ ಎಂದು ಯಜಮಾನರು ನನ್ನೆದುರು ಹೇಳಿದ್ದರು.

ದಾರಿ ಒಂದಿತ್ತು. ಬಂದ ಡಾಲರನ್ನು ಸ್ವಲ್ಪ ಕಾಲ ಡಾಲರಾಗಿಯೇ ಇಡುವ ಖಾತೆ ನಮಗೆ ಬ್ಯಾಂಕಿನಲ್ಲಿತ್ತು. ಬೀಜದವರು ಬಿಲ್ಲನ್ನೇ ಡಾಲರಿನಲ್ಲಿ ಕೊಟ್ಟರೆ ಅಲ್ಲಿಂದ ನೇರ ಕಳಿಸಬಹುದು. ಬದಲಾಯಿಸುವ ಖರ್ಚಿಲ್ಲ, ತೊಂಬತ್ತು ದಿನ ಯೂರೋದ ಮುಖ ನೋಡಿ ಎದೆ ಬಡಿದುಕೊಳ್ಳುವುದೂ ಇಲ್ಲ. ಯಜಮಾನರು ನನ್ನನ್ನು ಕರೆದು ಪತ್ರ ಬರೆ ಅಂದರು.

"ಕಾರಣ ಏನಂತ ಬರೀಲಿ ಸಾರ್?"

"ನಮ್ಮ ಬ್ಯಾಂಕಿನ ನಿಯಮ ಹಾಗಾಗಿದೆ ಅಂತ ಬರಿ."

"ಹಾಗೇನೂ ನಿಯಮ ಇಲ್ಲವಲ್ಲ. ನಮಗೆ ಡಾಲರಲ್ಲಿ ಬರುತ್ತೆ, ಡಾಲರಲ್ಲೇ ಕೊಡ್ತೀವಿ ಅಂತ ಬರೆದ್ರೆ ಆಗಲ್ವಾ?"

"ಯೂರೋ ಏರಿದ್ರೆ ತಡ್ಕೊಳ್ಳೋ ಶಕ್ತಿ ಇಲ್ಲ ಅಂತ ನಾವೇ ಸಾರಿದ ಹಾಗಾಗುತ್ತಮ್ಮ. ನಾಳೆ ಸಾಲದಲ್ಲಿ ಬೀಜ ಕೊಡೋಕೆ ಹಿಂದೆಮುಂದೆ ನೋಡ್ತಾರೆ. ಬ್ಯಾಂಕು ಅಂದ್ರೆ ಯಾರೂ ಎದುರು ಮಾತಾಡಲ್ಲ."

ನಮ್ಮ ಕಡೆ ಇದು ಸುಳ್ಳಲ್ಲ, ದಾಕ್ಷಿಣ್ಯ. ಕೊಡಲು ಮನಸ್ಸಿಲ್ಲದವರು ಮನೆಯಲ್ಲಿ ಕೇಳಬೇಕು ಅನ್ನುತ್ತಾರೆ, ಬರಲು ಮನಸ್ಸಿಲ್ಲದವರು ಜ್ವರ ಅನ್ನುತ್ತಾರೆ, ಕೇಳಿದವರೂ ಹೌದೇ ಎಂದು ಸುಮ್ಮನಾಗುತ್ತಾರೆ. ನಾನು ಬರೆದೆ.

ಹಾಲೆಂಡಿನಲ್ಲಿ ನಮ್ಮ ವ್ಯವಹಾರ ನೋಡುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು. ಮೂರನೆಯ ದಿನ ಉತ್ತರ ಬಂತು. ಭಾರತದಲ್ಲಿರುವ ತಮ್ಮ ಬೇರೆ ಗಿರಾಕಿಗಳು ಯೂರೋದಲ್ಲೇ ಕೊಡುತ್ತಿದ್ದಾರೆ, ಯಾವ ಬ್ಯಾಂಕೂ ತಕರಾರು ಮಾಡಿಲ್ಲ, ನಿಮ್ಮ ಬ್ಯಾಂಕಿನ ಸುತ್ತೋಲೆಯ ಪ್ರತಿ ಕಳಿಸಿದರೆ ತಮ್ಮ ಹಣಕಾಸಿನವರಿಗೆ ತೋರಿಸುತ್ತೇನೆ ಎಂದು ವಿನಯದಿಂದಲೇ ಬರೆದಿದ್ದಳು.

ಇಲ್ಲದ ಸುತ್ತೋಲೆಯನ್ನು ಎಲ್ಲಿಂದ ತರುವುದು? ಯಜಮಾನರು ಬ್ಯಾಂಕಿಗೆ ಹೋಗಿ ಮ್ಯಾನೇಜರರನ್ನು ಒಂದು ಪತ್ರ ಕೇಳಿದರು. ಅವರು ನಕ್ಕು, ಡಾಲರೋ ಯೂರೋ ಅದು ನೀವಿಬ್ಬರೂ ಮಾತಾಡಿಕೊಳ್ಳುವುದು, ನಾನು ಹೇಗೆ ಬರೆದುಕೊಡಲಿ ಅಂದರಂತೆ. ಬಂದವರೇ ಯಜಮಾನರು, "ನೋಡೋಣ ಇರಮ್ಮ, ಈಗಲೇ ಉತ್ತರ ಕೊಡಬೇಡ" ಅಂದರು. ಆ ನೋಡೋಣ ಮೂರು ವಾರ ನಡೆಯಿತು, ಬಿಲ್ಲು ತೀರ್ಮಾನವಾಗದೆ ಬೀಜವೂ ಹೊರಡಲಿಲ್ಲ. ಚನ್ನರಾಯಪಟ್ಟಣದ ಕಡೆಯ ರೈತರನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕ ದಿನಾ ಫೋನು ಮಾಡುತ್ತಿದ್ದ.

"ಅಕ್ಕಾ, ಬೀಜ ಯಾವಾಗ ಬತ್ತದೆ? ಎಲ್ರೂ ಭೂಮಿ ಉತ್ತು ಅದ ಮಾಡ್ಕೊಂಡು ಮಡಗವ್ರೆ ಕಣಕ್ಕ. ಬ್ಯಾರೆ ಕಂಪ್ನಿಯವ್ರು ಮನೆ ಬಾಗ್ಲಿಗೇ ಬತ್ತಾವ್ರೆ."

ಕೊನೆಗೆ ನನಗೆ ತಡೆಯಲಾಗಲಿಲ್ಲ. ಯಜಮಾನರನ್ನು ಕೇಳದೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಬ್ಯಾಂಕಿನ ಮಾತು ಬರೆದದ್ದು ತಪ್ಪಾಯಿತು, ನಮ್ಮ ಮಾರಾಟವೆಲ್ಲ ಡಾಲರಿನಲ್ಲಿ, ಖರ್ಚೂ ಅದರಲ್ಲೇ ಇದ್ದರೆ ಯೂರೋದ ಏರಿಳಿತ ನಮಗೆ ತಟ್ಟುವುದಿಲ್ಲ, ಆಗ ರೈತರಿಗೆ ಹೇಳಿದ ದರಕ್ಕೇ ಬೀಜ ಕೊಡಬಲ್ಲೆವು. ಇಷ್ಟೇ. ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಮಾರನೆಯ ದಿನವೇ ಉತ್ತರ ಬಂತು. ಇದು ಸರಿಯಾದ ಕಾರಣ, ಇದನ್ನೇ ಮೊದಲು ಬರೆದಿದ್ದರೆ ಹಣಕಾಸಿನವರನ್ನು ಆಗಲೇ ಒಪ್ಪಿಸುತ್ತಿದ್ದೆ ಎಂದಿದ್ದಳು. ಅವರ ಖರ್ಚು ಯೂರೋದಲ್ಲಿರುವುದರಿಂದ ದರಕ್ಕೆ ನೂರಕ್ಕೆ ಎರಡರಷ್ಟು ಸೇರಿಸಿ, ಇಡೀ ಹಂಗಾಮಿಗೆ ಡಾಲರಿನಲ್ಲಿ ನಿಗದಿ ಮಾಡಬಹುದಿತ್ತು. ಆದರೆ ನಿಮ್ಮಿಂದ ಉತ್ತರ ಬಾರದೆ, ನಿಮಗೆ ಎತ್ತಿಟ್ಟಿದ್ದ ಬೀಜವನ್ನು ಕಳೆದ ವಾರ ಬೇರೆಯವರಿಗೆ ಕೊಟ್ಟಾಯಿತು, ಮುಂದಿನ ಹಂಗಾಮಿಗೆ ಖಂಡಿತ ಡಾಲರಿನಲ್ಲೇ ಕೊಡೋಣ ಎಂದು ಮುಗಿಸಿದ್ದಳು.

ನಮಗೆ ಮುಂದಿನ ಹಂಗಾಮು ಬರಲೇ ಇಲ್ಲ. ರೈತರು ಬೇರೆ ಕಂಪನಿಗೆ ಬಿತ್ತಿದರು. ಡ್ರಮ್ಮು ಹೋಗಲಿಲ್ಲವೆಂದು ಅಮೆರಿಕದವರು ಕರಾರು ಮುರಿದರು. ಯಜಮಾನರು ಆ ಉತ್ತರವನ್ನು ನನ್ನಿಂದ ಎರಡು ಸಲ ಕನ್ನಡದಲ್ಲಿ ಹೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾನು ಹೇಳ್ದೆ, ನೀನು ಬರ್ದೆ. ನಿನಗೆ ಗೊತ್ತಿತ್ತಲ್ಲಮ್ಮ, ಯಾಕೆ ಗಟ್ಟಿಯಾಗಿ ಬೇಡ ಅನ್ನಲಿಲ್ಲ?" ಅಂದರು. ಅನ್ನ ಕೊಟ್ಟವರಿಗೆ ಎದುರಾಡುವುದು ನನಗೆ ಬರುತ್ತಿರಲಿಲ್ಲ. ಆ ದಾಕ್ಷಿಣ್ಯವನ್ನೂ ಅವರಿಂದಲೇ ಕಲಿತದ್ದು. ಹಾಗೆ ಹೇಳುವ ಬದಲು ಅತ್ತುಬಿಟ್ಟೆ.

ಕೊನೆಗೆ ಯಜಮಾನರು ಕಾರ್ಖಾನೆಯನ್ನು ಮಾರಿದರು, ಕೊಂಡವರು ನನ್ನನ್ನು ಇಟ್ಟುಕೊಂಡರು. ಅವರು ಹೇಳಿದ ಮೊದಲ ಕೆಲಸ ಏನು ಅಂತೀರಿ? ಹಾಲೆಂಡಿನವರಿಗೆ ಬರೆದು ಡಾಲರಿನ ಬಿಲ್ಲು ಕೇಳಬೇಕಂತೆ. ನನ್ನ ಹಳೆಯ ಪತ್ರದ ನಾಲ್ಕು ಸಾಲನ್ನೇ ನಕಲು ಮಾಡಿ ಕಳಿಸಿದೆ. ಸಂಜೆ ಬಸ್ಸಿಗೆ ಹೊರಡುವ ಮೊದಲೇ ಒಪ್ಪಿಗೆ ಬಂತು. ಅದನ್ನು ಹೊಸಬರ ಮೇಜಿನ ಮೇಲಿಟ್ಟು ಬಸ್ಸು ಹತ್ತಿದೆ.

ಆ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಯಜಮಾನರು ತೀರ ಇಳಿದುಹೋಗಿದ್ದರು. ಅಮ್ಮಾವರು ಕಾಫಿ ತಂದಿಟ್ಟು, "ಇವರು ಸರಿಯಾಗಿ ಊಟಾನೇ ಮಾಡ್ತಿಲ್ಲ, ಎಲ್ಲಾ ನನ್ನಿಂದಲೇ ಹಾಳಾಯ್ತು ಅಂತ ಒಂದೇ ಹಲುಬಾಟ" ಅಂದರು. ಅದೂ ಇದೂ ಮಾತಾಡಿದ ಮೇಲೆ ಯಜಮಾನರು ನನ್ನ ಮುಖ ನೋಡದೆ ಕೇಳಿದರು.

"ಹೊಸಬರು ಡಾಲರ್ ಕೇಳಿದ್ರಾ?"

"ಕೇಳಿದ್ರು ಸಾರ್."

"ಕೊಟ್ರಾ?"

"ಇಲ್ಲ ಸಾರ್. ಅವತ್ತು ಆಕೆ ಹಾಗೆ ಬರೆದಿದ್ರೂ ಅವರ ಹಣಕಾಸಿನವರು ಒಪ್ಪಲೇ ಇಲ್ಲ. ಎಷ್ಟು ಬರೆದ್ರೂ ಯೂರೋನೇ ಅಂದ್ರು."

"ಕಾರಣ ಸರಿಯಾಗಿ ಬರೆದಿದ್ಯಾ?"

"ಎಲ್ಲಾ ಬರೆದಿದ್ದೆ ಸಾರ್."

ಅವರು ಉಸಿರು ಬಿಟ್ಟು, "ಹಾಗಾದ್ರೆ ನಮ್ಮ ಕೈಲಿ ಏನೂ ಇರ್ಲಿಲ್ಲ ಬಿಡು" ಅಂದರು. ಒಳಗೆ ತಿರುಗಿ, "ಇವಳಿಗೂ ಎಲೆ ಹಾಕೇ, ಊಟ ಮಾಡೋಣ" ಎಂದು ಕೂಗಿದರು.